ಥ್ಯಾಂಕ್ಸ್ ತಪ್ಪು ಹೆಸರಿಗೆ ಹೋದಾಗ: ಆಫೀಸ್ ಗ್ರೂಪಿನಲ್ಲಿ ಅದನ್ನು ಸರಿಪಡಿಸುವ ಬಗೆ

ಕೊಡಗಿನ ಸೋಮವಾರಪೇಟೆ ಕಡೆಯ ಒಂದು ರೈತ ಉತ್ಪಾದಕ ಕಂಪನಿಯ ಆಫೀಸು ಎಂದುಕೊಳ್ಳಿ. ಏಪ್ರಿಲ್ ತಿಂಗಳು. ಏಳು ಜನರ ವಾಟ್ಸಾಪ್ ಗ್ರೂಪ್. ಸದಸ್ಯರ 42 ಕಾಫಿ ತೋಟಗಳಲ್ಲಿ ಹೂ ಅರಳಿಸುವ ಹೂಮಳೆ ಯಾವ ದಿನ ಬಿತ್ತು, ಎಷ್ಟು ಇಂಚು ಎಷ್ಟು ಸೆಂಟು, ಅದರ ಬೆನ್ನಿಗೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬಂತೋ ಇಲ್ಲವೋ ಎಂಬ ಪಟ್ಟಿ ಬೇಕಾಗಿದೆ. ಜಯಂತಿ ಒಂಬತ್ತು ದಿನ ಕೂತು ಒಬ್ಬೊಬ್ಬ ಬೆಳೆಗಾರರಿಗೂ ಫೋನ್ ಮಾಡಿ, ಗೂಗಲ್ ಶೀಟ್‌ನಲ್ಲಿ ಲೆಕ್ಕ ತುಂಬಿಸಿದರು. ಪ್ರಜ್ವಲ್ ಆ ಶೀಟ್ ತೆಗೆದುಕೊಂಡು, ಊರುವಾರು ಬಣ್ಣ ಹಾಕಿ ಎರಡು ಪುಟದ ಪಿಡಿಎಫ್ ಮಾಡಿದರು. ಅಂದು ಸಂಜೆ ಶಾಂತಳ್ಳಿ ಕಡೆಯ ಜಯಂತಿಯ ಮನೆಯಲ್ಲಿ ಗುಡುಗು ಮಳೆಗೆ ಕರೆಂಟೂ ಹೋಗಿದೆ, ನೆಟ್‌ವರ್ಕೂ ಹೋಗಿದೆ. ಹಾಗಾಗಿ 4:10ಕ್ಕೆ ಪಿಡಿಎಫ್ ಅನ್ನು ಗ್ರೂಪಿಗೆ ಹಾಕಿದ್ದು ಪ್ರಜ್ವಲ್. 4:25ಕ್ಕೆ ಮ್ಯಾನೇಜರ್ ಬರೆಯುತ್ತಾರೆ: "ಪ್ರಜ್ವಲ್, 42 ತೋಟದ ಲೆಕ್ಕ ಇಷ್ಟು ಚೆನ್ನಾಗಿ ಮಾಡಿದ್ದೀರಿ. ಥ್ಯಾಂಕ್ಸ್. ನಾಳೆ 11ಕ್ಕೆ ಡೈರೆಕ್ಟರ್‌ಗಳ ಮೀಟಿಂಗ್‌ನಲ್ಲಿ ಇದನ್ನೇ ಇಡ್ತೀನಿ." ಕೆಳಗೆ ನಾಲ್ಕು ಹೆಬ್ಬೆರಳು, ಪ್ರಜ್ವಲ್‌ದೊಂದು ಕೈಮುಗಿದ ಚಿತ್ರ.

ಜಯಂತಿ ಪಕ್ಕದ ಮೇಜಿನಲ್ಲಿ ಒಂಬತ್ತು ದಿನ ಫೋನ್ ಹಿಡಿದು ಕೂತಿದ್ದನ್ನು ನೀವು ನೋಡಿದ್ದೀರಿ. ಈಗ ಏನು ಮಾಡಬೇಕು? ಈ ಹೆಸರುಗಳು ಉದಾಹರಣೆಗೆ ಇಟ್ಟವು. ಸನ್ನಿವೇಶ ಮಾತ್ರ ಯಾವ ಆಫೀಸಿಗೂ ಹೊಸದಲ್ಲ.

ಇದನ್ನು ಬರೀ ಹೆಸರಿನ ಪ್ರಶ್ನೆ ಎಂದು ನೋಡಿದರೆ ಬಾಯಿ ತೆರೆಯಲು ಸಂಕೋಚವಾಗುತ್ತದೆ. ಲೆಕ್ಕದ ಕಡೆಯಿಂದ ನೋಡಿ. ನಮ್ಮ ತೋಟಗಳಲ್ಲಿ ಮಳೆ ಅಳೆಯುವುದು ಇಂಚು-ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಆದರೆ ಹೊಸ ಗೇಜ್ ತಂದವರು ಮಿಲಿಮೀಟರಿನಲ್ಲೇ ಹೇಳುತ್ತಾರೆ. ಫೋನಿನಲ್ಲಿ ಒಬ್ಬರು "ಎಂಬತ್ತು" ಎಂದರೆ ಅದು 80 ಸೆಂಟೋ 80 ಮಿಲಿಮೀಟರೋ? 80 ಸೆಂಟು ಎಂದರೆ ಸುಮಾರು 20 ಮಿಲಿಮೀಟರ್. ತಪ್ಪಾಗಿ ಹಿಡಿದರೆ ನಾಲ್ಕು ಪಟ್ಟು ವ್ಯತ್ಯಾಸ. ಯಾರು ಏನನ್ನು ಹೇಳಿದರು ಎಂಬುದು ಜಯಂತಿಗೆ ಗೊತ್ತು, ಪ್ರಜ್ವಲ್‌ಗೆ ಗೊತ್ತಿಲ್ಲ. ನಾಳೆ ಮೀಟಿಂಗ್‌ನಲ್ಲಿ ಡೈರೆಕ್ಟರ್ ಒಬ್ಬರು "ಐಗೂರಿಗೆ ಇಷ್ಟು ಮಳೆ ಎಲ್ಲಿ ಬಂತು?" ಎಂದು ಕೇಳಿದರೆ ಮ್ಯಾನೇಜರ್ ಫೋನ್ ಮಾಡುವುದು ಪ್ರಜ್ವಲ್‌ಗೆ. ಆ ಹುಡುಗ ತಡವರಿಸುತ್ತಾನೆ. ನಿಮ್ಮ ತಿದ್ದುಪಡಿಗೆ ನಿಲ್ಲಲು ನೆಲ ಇರುವುದು ಇಲ್ಲೇ: ಯಾವ ಕೆಲಸ ಯಾರದ್ದು, ಯಾವ ಪ್ರಶ್ನೆಗೆ ಯಾರನ್ನು ಕೇಳಬೇಕು ಎಂಬ ಮಾಹಿತಿ. ಹೊಗಳಿಕೆ ಅದರ ಜೊತೆಗೇ ಸರಿಯಾದ ಜಾಗಕ್ಕೆ ಹೋಗುತ್ತದೆ.

ಬರೆಯುವ ಮೊದಲು ನೋಡಬೇಕಾದ್ದು

ಮೊದಲು ಮ್ಯಾನೇಜರ್ ಬರೆದದ್ದನ್ನೇ ಇನ್ನೊಮ್ಮೆ ಓದಿ. ಕನ್ನಡದಲ್ಲಿ "ಚೆನ್ನಾಗಿ ಮಾಡಿದ್ದೀರಿ" ಎಂದರೆ ಗೌರವದಿಂದ ಒಬ್ಬರಿಗೆ ಹೇಳಿದ್ದೂ ಆಗಬಹುದು, ಇಡೀ ತಂಡಕ್ಕೆ ಹೇಳಿದ್ದೂ ಆಗಬಹುದು. ಮೆಸೇಜಿನಲ್ಲಿ ಹೆಸರಿಲ್ಲದೆ ಬರೀ "ಥ್ಯಾಂಕ್ಸ್, ಚೆನ್ನಾಗಿ ಮಾಡಿದ್ದೀರಿ" ಎಂದಿದ್ದರೆ ತಿದ್ದಲು ಏನೂ ಇಲ್ಲ. ಜಯಂತಿಯ ಹೆಸರನ್ನು ಸೇರಿಸಲು ಅವಕಾಶವಿದೆ, ಅಷ್ಟೇ. ನಮ್ಮ ಉದಾಹರಣೆಯಲ್ಲಿ ಹೆಸರೂ ಇದೆ, "42 ತೋಟದ ಲೆಕ್ಕ" ಎಂಬ ನಿರ್ದಿಷ್ಟ ಕೆಲಸವೂ ಇದೆ. ಹಾಗಾಗಿ ತಪ್ಪು ಆಗಿದೆ.

ಆಮೇಲೆ, ನಿಮಗೆ ಗೊತ್ತಿರುವುದು ಎಷ್ಟು ಖಚಿತ ಎಂದು ನೋಡಿಕೊಳ್ಳಿ. ಫೋನಿನಲ್ಲಿ ಮಾತಾಡಿದ್ದನ್ನು ನೀವು ಕೇಳಿದ್ದೀರಿ, ಸರಿ. ಆದರೆ 42ಕ್ಕೆ 42 ತೋಟವನ್ನೂ ಜಯಂತಿ ಒಬ್ಬರೇ ಕೇಳಿದರೇ? ಗೂಗಲ್ ಶೀಟ್ ಅನ್ನು ತಿದ್ದುವ ಅನುಮತಿ ನಿಮಗಿದ್ದರೆ, ಕಂಪ್ಯೂಟರಿನಲ್ಲಿ `File > Version history > See version history` ತೆರೆದರೆ ಯಾವ ದಿನ ಯಾರ ಖಾತೆಯಿಂದ ಏನು ತುಂಬಿತು ಎಂದು ಕಾಣುತ್ತದೆ. ಒಂದೇ ಕೋಶದ ಬಗ್ಗೆ ತಿಳಿಯಬೇಕಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ `Show edit history` ನೋಡಬಹುದು. ಎಕ್ಸೆಲ್ ಅಥವಾ ವರ್ಡ್ ಫೈಲ್ ಆಗಿದ್ದರೆ ಅದರ `Author` ಎಂಬ ಜಾಗದಲ್ಲಿ ಒಂದು ಹೆಸರಿರುತ್ತದೆ, ಅದನ್ನು ಮಾತ್ರ ನಂಬಬೇಡಿ. ಅದು ಆ ಕಂಪ್ಯೂಟರಿನಲ್ಲಿ ಯಾರ ಹೆಸರು ದಾಖಲಾಗಿದೆಯೋ ಅದು. ಆಫೀಸಿನ ಒಂದೇ ಕಂಪ್ಯೂಟರನ್ನು ನಾಲ್ವರು ಬಳಸುವ ಕಡೆ ಆ ಹೆಸರಿಗೆ ಅರ್ಥವಿಲ್ಲ. ಹಳೆಯ ಫೈಲಿನ ಮೇಲೇ ಹೊಸದನ್ನು ಬರೆದಿದ್ದರೆ, ಕೆಲಸ ಬಿಟ್ಟು ಹೋದವರ ಹೆಸರೂ ಅಲ್ಲೇ ಕೂತಿರುತ್ತದೆ.

ಈ ಪರಿಶೀಲನೆ ನಿಮ್ಮ ಖಾತರಿಗೆ ಮಾತ್ರ. ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುವ ಯೋಚನೆ ಬಂದರೆ ಅಲ್ಲೇ ಬಿಡಿ. ಯಾರೂ ಕೇಳದ ಪುರಾವೆಯನ್ನು ನೀವಾಗಿ ತಂದಿಟ್ಟರೆ, ಎದುರಿನವರು ಸುಳ್ಳು ಹೇಳಿದರು ಎಂದು ನೀವೇ ಹೇಳಿದಂತೆ. ಪ್ರಜ್ವಲ್ ಇಲ್ಲಿ ಒಂದು ಮಾತೂ ಸುಳ್ಳು ಆಡಿಲ್ಲ. ಫೈಲ್ ಹಾಕಿದರು; ಗ್ರೂಪಿನಲ್ಲಿ ಹಾಕಿದವರ ಹೆಸರು ಮೇಲೆ ಕಾಣುತ್ತದೆ; ಮ್ಯಾನೇಜರ್ ಅದನ್ನೇ ಓದಿದರು. ಬೇರೆ ಚಾಟ್‌ನಿಂದ ಕಳಿಸಿದ್ದಾದರೆ ವಾಟ್ಸಾಪ್ `Forwarded` ಎಂದು ತೋರಿಸುತ್ತದೆ, ಮೂಲದಲ್ಲಿ ಯಾರು ಕಳಿಸಿದ್ದು ಎಂದು ತೋರಿಸುವುದಿಲ್ಲ. ಇಂಥ ತಪ್ಪುಗಳಲ್ಲಿ ಬಹುಪಾಲು ಹುಟ್ಟುವುದು ಹೀಗೆ, ಯಾರ ದುರಾಸೆಯಿಂದಲೂ ಅಲ್ಲ.

ಕೆಲಸ ಮಾಡಿದವರನ್ನು ಕೇಳದೆ ಬರೆಯಬೇಡಿ

ಅವಸರದಲ್ಲಿ ಎಲ್ಲರೂ ಬಿಡುವ ಹೆಜ್ಜೆ ಇದು. ಜಯಂತಿಗೆ ತಮ್ಮ ಹೆಸರು ಬರಬೇಕು ಎಂದಿರಬಹುದು, ಅಥವಾ ಇನ್ನೂ ಎರಡು ತೋಟದ ಲೆಕ್ಕ ಅನುಮಾನವಿದೆ, ಈಗಲೇ ಹೆಸರು ಬೇಡ ಎಂದೂ ಇರಬಹುದು. ಪಿಡಿಎಫ್ ನೀನೇ ಹಾಕು, ನನ್ನ ಹೆಸರು ಬೇಡ ಎಂದು ಪ್ರಜ್ವಲ್‌ಗೆ ಅವರೇ ಹೇಳಿದ್ದರೆ? ನೀವು ಗ್ರೂಪಿನಲ್ಲಿ ಬರೆದ ಮೇಲೆ ಇದು ಗೊತ್ತಾದರೆ ಮೂವರಿಗೂ ಮುಜುಗರ. ನಮ್ಮದು ಚಿಕ್ಕ ಜಿಲ್ಲೆ. ಆಫೀಸಿನಲ್ಲಿ ಆದ ಮುಜುಗರ ಮುಂದಿನ ಮದುವೆ ಮನೆಯ ಊಟದ ಸಾಲಿನಲ್ಲಿ ಮತ್ತೆ ಎದುರಾಗುತ್ತದೆ.

ಕೇಳುವುದು ಫೋನಿನಲ್ಲೇ ಒಳ್ಳೆಯದು. ವಾಟ್ಸಾಪ್ ಕಳಿಸಿ ಒಂದೇ ಟಿಕ್ ನಿಂತಿದ್ದರೆ ಅದು ಅವರ ಫೋನಿಗೆ ತಲುಪಿಲ್ಲ ಎಂದರ್ಥ. ನೋಡಿಯೂ ಸುಮ್ಮನಿದ್ದಾರೆ, ಅಂದರೆ ಒಪ್ಪಿಗೆ ಇದೆ ಎಂದುಕೊಳ್ಳಬೇಡಿ. ಡೇಟಾ ಇಲ್ಲದ ಕಡೆ ಎಸ್ಸೆಮ್ಮೆಸ್ ಕೆಲವೊಮ್ಮೆ ಹೋಗುತ್ತದೆ, ಅದನ್ನೂ ಪ್ರಯತ್ನಿಸಿ. ಮಾತು ಇಷ್ಟು ಸಾಕು:

"ಜಯಂತಿ ಅಕ್ಕ, ಹೂಮಳೆ ಪಟ್ಟಿಗೆ ಸರ್ ಗ್ರೂಪಲ್ಲಿ ಪ್ರಜ್ವಲ್‌ಗೆ ಥ್ಯಾಂಕ್ಸ್ ಹೇಳಿದ್ದಾರೆ. ಲೆಕ್ಕ ತೆಗೆದಿದ್ದು ನೀವು ಅಂತ ನಾನು ಒಂದು ಸಾಲು ಹಾಕಲಾ? ಇಲ್ಲ, ನೀವೇ ಹೇಳ್ತೀರಾ?"

ಇದರಲ್ಲಿ "ಅನ್ಯಾಯ ಆಗಿದೆ" ಎಂಬ ಮಾತಿಲ್ಲ ನೋಡಿ. ಅದನ್ನು ಸೇರಿಸಿದರೆ, ಇನ್ನೂ ಗ್ರೂಪನ್ನೇ ನೋಡದ ಅವರ ತಲೆಗೆ ನೀವು ನಿಮ್ಮ ಸಿಟ್ಟನ್ನು ತುಂಬಿದ ಹಾಗಾಗುತ್ತದೆ.

ಅವರು "ಬಿಡು, ಏನೂ ಬೇಡ" ಎಂದರೆ ಒಂದೇ ಒಂದು ಸಲ ಹೀಗೆ ಕೇಳಬಹುದು: "ಹೆಸರು ಬೇಡ ಅಂದ್ರೆ ಬೇಡ. ನಾಳೆ ಮೀಟಿಂಗಲ್ಲಿ ಇಂಚು-ಸೆಂಟಿನ ಪ್ರಶ್ನೆ ಬಂದ್ರೆ ನಿಮಗೆ ಫೋನ್ ಮಾಡೋಕೆ ಸರ್‌ಗೆ ಹೇಳಲಾ?" ನೂರಕ್ಕೆ ತೊಂಬತ್ತು ಜನ ಇದಕ್ಕೆ ಹೂಂ ಎನ್ನುತ್ತಾರೆ ಎಂಬುದು ನಮ್ಮ ಊಹೆ. ಇದಕ್ಕೂ ಬೇಡ ಎಂದರೆ ಅಲ್ಲಿಗೆ ನಿಲ್ಲಿಸಿ. ಅವರ ಕೆಲಸ, ಅವರ ಹೆಸರು.

ಹೊಗಳಿಸಿಕೊಂಡವರಿಗೆ ಮೊದಲ ಅವಕಾಶ

ಜಯಂತಿ ಒಪ್ಪಿದರು. ಈಗ ಗ್ರೂಪಿಗೆ ಹೋಗುವ ಮುನ್ನ ಪ್ರಜ್ವಲ್. ಈ ತಪ್ಪನ್ನು ತಿದ್ದಲು ಎಲ್ಲರಿಗಿಂತ ಸುಲಭ ಆತನಿಗೇ. ಹೊಗಳಿಸಿಕೊಂಡವರೇ "ಸರ್, ಲೆಕ್ಕ ಎಲ್ಲ ಜಯಂತಿ ಅಕ್ಕಂದು, ನಾನು ಪಿಡಿಎಫ್ ಮಾಡಿದ್ದು" ಎಂದರೆ ಯಾರಿಗೂ ಗಾಯವಾಗುವುದಿಲ್ಲ, ಆತನ ಮೇಲಿನ ನಂಬಿಕೆಯೂ ಹೆಚ್ಚುತ್ತದೆ. ಅದೇ ಸಾಲನ್ನು ನೀವು ಬರೆದರೆ ಆತ ಸಿಕ್ಕಿಬಿದ್ದ ಹಾಗೆ ಕಾಣಬಹುದು.

ಕೈಮುಗಿದ ಚಿತ್ರ ಹಾಕಿ ಸುಮ್ಮನಾದದ್ದನ್ನು ಕಳ್ಳತನವೆಂದು ಓದಬೇಡಿ. ಮ್ಯಾನೇಜರ್ ಎಲ್ಲರ ಎದುರು ಹೊಗಳಿದಾಗ "ನನ್ನದಲ್ಲ" ಎಂದರೆ ಸರ್ ಮಾತನ್ನೇ ತಳ್ಳಿದಂತಾಗುತ್ತದೆ ಎಂದು ಹಿಂಜರಿಯುವ ಕಿರಿಯರು ನಮ್ಮಲ್ಲಿ ಬಹಳ. ಹಾಗಾಗಿ ಗ್ರೂಪಿನ ಹೊರಗೆ, ನೇರವಾಗಿ:

"ಪ್ರಜ್ವಲ್, ಪಿಡಿಎಫ್ ಚೆನ್ನಾಗಿ ಬಂದಿದೆ. ತೋಟದ ಲೆಕ್ಕ ಜಯಂತಿ ಅಕ್ಕ ತೆಗೆದಿದ್ದು ಅಂತ ಸರ್‌ಗೆ ಗೊತ್ತಿಲ್ಲ ಅನ್ಸುತ್ತೆ. ಗ್ರೂಪಲ್ಲಿ ನೀವೇ ಒಂದು ಮಾತು ಹಾಕ್ತೀರಾ? ನಾಳೆ 11ಕ್ಕೆ ಮೀಟಿಂಗ್ ಇದೆ, ಅಷ್ಟರೊಳಗೆ ಆದ್ರೆ ಒಳ್ಳೇದು."

ಗಡುವು ಇರಬೇಕು, ಕಾರಣವೂ ಇರಬೇಕು. ಎರಡನ್ನೂ ಮೀಟಿಂಗೇ ಕೊಟ್ಟಿದೆ. ಸಂಜೆ ಐದಕ್ಕೆ ಹೇಳಿದರೆ ರಾತ್ರಿ ಎಂಟರವರೆಗೆ ಕಾಯಬಹುದು. ಅಷ್ಟರಲ್ಲಿ ಆತ ಬರೆದರೆ ನಿಮ್ಮ ಕೆಲಸ ಮುಗಿಯಿತು; ಕೆಳಗೆ ನೀವು ಮತ್ತೇನೂ ಸೇರಿಸುವುದು ಬೇಡ. "ಹಾಕ್ತೀನಿ" ಎಂದು ಹೇಳಿ ಮರೆತರೆ ಎಂಟಕ್ಕೆ "ನೀವು ಹೊರಗಿದ್ರೆ ನಾನೇ ಹಾಕ್ಲಾ?" ಎಂದು ಕೇಳಿ. ಉತ್ತರ ಬಾರದಿದ್ದರೆ ನೀವೇ ಹಾಕಿ. ಆತನಿಗೆ ಮೊದಲೇ ಗೊತ್ತಿದೆ, ಬೆನ್ನ ಹಿಂದೆ ಮಾಡಿದಂತಲ್ಲ.

ಕೆಲವೊಮ್ಮೆ ಅನಿರೀಕ್ಷಿತ ಉತ್ತರ ಬರುತ್ತದೆ: "ಅಲ್ಲ, ಮಾದಾಪುರ ಕಡೆಯ ಎಂಟು ತೋಟಕ್ಕೆ ಫೋನ್ ಮಾಡಿದ್ದು ನಾನೇ." ನಿಮಗೆ ಇದು ಗೊತ್ತಿರಲಿಲ್ಲ. ವಾದಕ್ಕಿಳಿಯಬೇಡಿ, ಜಯಂತಿಯನ್ನು ಕೇಳಿ ಖಚಿತಪಡಿಸಿಕೊಂಡು ಅದನ್ನೂ ಮೆಸೇಜಿನಲ್ಲಿ ಸೇರಿಸಿ. ಗ್ರೂಪಿಗೆ ಮೊದಲೇ ಬರೆದಿದ್ದರೆ ನಿಮ್ಮ ತಿದ್ದುಪಡಿಗೇ ಒಂದು ತಿದ್ದುಪಡಿ ಬೇಕಾಗುತ್ತಿತ್ತು.

ಮೆಸೇಜು

ಇಲ್ಲಿ ಪದಪದವೂ ಲೆಕ್ಕಕ್ಕೆ ಬರುತ್ತದೆ, ಅದರಲ್ಲೂ ಕನ್ನಡದಲ್ಲಿ. ನಮ್ಮ ಭಾಷೆಯ ಒಂದಕ್ಷರದ ಪ್ರತ್ಯಯಗಳು ಇಡೀ ಜಗಳವನ್ನೇ ಹೊತ್ತು ತರಬಲ್ಲವು.

"ಲೆಕ್ಕ ಜಯಂತಿಯೇ ಮಾಡಿದ್ದು" ಎಂದು ಬರೆದು ನೋಡಿ. ಆ "ಏ" ಬಂದ ಕೂಡಲೇ ವಾಕ್ಯಕ್ಕೆ "ಬೇರೆ ಯಾರೂ ಅಲ್ಲ" ಎಂಬ ಬಾಲ ಬೆಳೆಯಿತು. ಯಾರೋ ಅಲ್ಲವೆಂದಿದ್ದರು, ನೀವು ಎದುರುತ್ತರ ಕೊಟ್ಟಿರಿ ಎಂಬ ಧ್ವನಿ. "ಜಯಂತಿಯೂ ಮಾಡಿದ್ದಾರೆ" ಎಂದರೆ ಇನ್ನೊಂದು ತುದಿ: ಮುಖ್ಯ ಕೆಲಸ ಪ್ರಜ್ವಲ್‌ದು, ಇವರೂ ಒಂದಿಷ್ಟು ಕೈಹಾಕಿದರು ಎಂದಾಗುತ್ತದೆ. ಒಂಬತ್ತು ದಿನದ ಕೆಲಸ "ಊ" ಎಂಬ ಒಂದಕ್ಷರದಲ್ಲಿ ಸಹಾಯಕರ ಕೆಲಸವಾಗಿಬಿಟ್ಟಿತು. ಎರಡೂ ಬೇಡ. "ಲೆಕ್ಕ ತೆಗೆದಿದ್ದು ಜಯಂತಿ ಅಕ್ಕ" ಎಂದು ಬೋಳಾಗಿ ಬರೆದರೆ ಸಾಕು.

"ಆಕ್ಚುಲಿ", "ಅಸಲಿಗೆ", "ನಿಜ ಹೇಳ್ಬೇಕಂದ್ರೆ", "ಎಲ್ಲರಿಗೂ ಗೊತ್ತಿರಲಿ ಅಂತ" — ಇವುಗಳಿಂದ ಶುರುಮಾಡಬೇಡಿ. ಹೀಗೆ ಶುರುಮಾಡಿದರೆ ಮೊದಲು ಹೇಳಿದ್ದು ಸುಳ್ಳು ಎಂಬ ಘೋಷಣೆ ಮೊದಲು ಬರುತ್ತದೆ, ವಿಷಯ ಆಮೇಲೆ. "ಪಾಪ" ಎಂಬ ಪದವನ್ನಂತೂ ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ. "ಪಾಪ, ಜಯಂತಿ ಅಕ್ಕ ಒಂಬತ್ತು ದಿನ ಒದ್ದಾಡಿದ್ದಾರೆ" ಎಂದರೆ ಓದಿದವರಿಗೆ ಅವರ ಮೇಲೆ ಕನಿಕರ ಹುಟ್ಟುತ್ತದೆ, ಅವರ ಕೆಲಸದ ಮೇಲೆ ಗೌರವ ಹುಟ್ಟುವುದಿಲ್ಲ. ಕೆಲಸ ಎಷ್ಟಿತ್ತು ಎಂದು ಹೇಳಲೇಬೇಕಿದ್ದರೆ "42 ತೋಟಕ್ಕೂ ಫೋನ್ ಮಾಡಿ" ಎನ್ನಿ. ಓದುವವರು ಶ್ರಮವನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

"ಲೆಕ್ಕವನ್ನು ಸಂಗ್ರಹಿಸಲಾಗಿದೆ" ಎಂಬ ಸರ್ಕಾರಿ ಪತ್ರದ ವಾಕ್ಯ ಇಲ್ಲಿ ಕೆಲಸಕ್ಕೆ ಬಾರದು. ಮಾಡಿದವರ ಹೆಸರನ್ನು ನುಂಗುವುದಕ್ಕೇ ಹುಟ್ಟಿದ ವಾಕ್ಯ ಅದು.

ಗೌರವದ ತೂಕವೂ ಸರಿಯಿರಲಿ. ಒಂದೇ ಸಾಲಿನಲ್ಲಿ ಒಬ್ಬರು "ಪ್ರಜ್ವಲ್ ಅವರು", ಇನ್ನೊಬ್ಬರು ಬರೀ "ಜಯಂತಿ" ಆದರೆ ನೀವು ತಿದ್ದಲು ಹೊರಟ ಮೇಲುಕೀಳನ್ನು ನೀವೇ ಮತ್ತೆ ಬರೆದಂತಾಯಿತು. ದಿನವೂ ಅಕ್ಕ ಎಂದು ಕರೆಯುವವರನ್ನು ಗ್ರೂಪಿನಲ್ಲೂ ಅಕ್ಕ ಎನ್ನಬಹುದು. ಡೈರೆಕ್ಟರ್‌ಗಳೂ ಇರುವ ಗ್ರೂಪಾದರೆ ಇಬ್ಬರಿಗೂ "ಅವರು" ಹಾಕಿ.

ಮೆಸೇಜಿನಲ್ಲಿ ಮೂರು ಸಂಗತಿ ಬರಬೇಕು, ಈ ಅನುಕ್ರಮದಲ್ಲೇ ಬಂದರೆ ಚೆಂದ. ಮೊದಲು ಪ್ರಜ್ವಲ್ ನಿಜವಾಗಿ ಮಾಡಿದ್ದು, ಆಮೇಲೆ ಜಯಂತಿ ಮಾಡಿದ್ದು, ಕೊನೆಗೆ ಮ್ಯಾನೇಜರ್‌ಗೆ ಇದರಿಂದ ಏನು ಉಪಯೋಗ. ಮೊದಲನೆಯದನ್ನು ಬಿಟ್ಟರೆ ಆತನ ಪಾಲನ್ನು ಅಳಿಸಿದಂತೆ, ಅದೂ ಒಂದು ತಪ್ಪು ದಾಖಲೆಯೇ. ಕೊನೆಯದನ್ನು ಬಿಟ್ಟರೆ ಇಡೀ ಮೆಸೇಜು ದೂರಿನಂತೆ ಕೇಳುತ್ತದೆ.

"ಸರ್, ಪಿಡಿಎಫ್ ಮತ್ತು ಊರುವಾರು ಚಾರ್ಟ್ ಪ್ರಜ್ವಲ್ ಮಾಡಿದ್ದು. 42 ತೋಟಕ್ಕೂ ಫೋನ್ ಮಾಡಿ ಮಳೆ ಲೆಕ್ಕ ತೆಗೆದಿದ್ದು ಜಯಂತಿ ಅಕ್ಕ. ಕೆಲವರು ಸೆಂಟಲ್ಲಿ, ಕೆಲವರು ಮಿಲಿಮೀಟರಲ್ಲಿ ಹೇಳಿದ್ದಾರೆ. ನಾಳೆ ಮೀಟಿಂಗಲ್ಲಿ ಯಾವುದಾದ್ರೂ ತೋಟದ ಬಗ್ಗೆ ಪ್ರಶ್ನೆ ಬಂದ್ರೆ ಅವರಿಗೆ ಫೋನ್ ಮಾಡಿದ್ರೆ ತಕ್ಷಣ ಗೊತ್ತಾಗುತ್ತೆ."

ಇಲ್ಲಿ "ನೀವು ತಪ್ಪು ತಿಳ್ಕೊಂಡ್ರಿ" ಎಂಬುದಿಲ್ಲ. ಮ್ಯಾನೇಜರ್ ಕ್ಷಮೆ ಕೇಳುವ ಅಗತ್ಯವೇ ಬೀಳುವುದಿಲ್ಲ. "ಓ ಸರಿ, ಜಯಂತಿ ಅವರಿಗೂ ಥ್ಯಾಂಕ್ಸ್" ಎಂದು ಬರೆದು ಮುಂದೆ ಹೋಗಲು ಬಾಗಿಲು ತೆರೆದಿದೆ. ಇನ್ನೊಂದು ಮಾತು: ಈ ಪಟ್ಟಿಯಲ್ಲಿ ನಿಮ್ಮದೂ ಒಂದು ಪಾಲಿದ್ದರೆ ಅದನ್ನು ಇದೇ ಮೆಸೇಜಿನಲ್ಲಿ ಹೇಳಬೇಡಿ. ಫಾರ್ಮುಲಾ ಹಾಕಿಕೊಟ್ಟಿದ್ದು ನೀವೇ ಆಗಿರಬಹುದು. ಆದರೆ "ಫಾರ್ಮುಲಾ ನಂದು" ಎಂದು ಕೊನೆಯಲ್ಲಿ ಸೇರಿಸಿದರೆ, ಓದಿದವರಿಗೆ ಇಡೀ ಮೆಸೇಜು ಅದಕ್ಕಾಗಿಯೇ ಬರೆದಂತೆ ಕಾಣುತ್ತದೆ.

ಎಲ್ಲಿ, ಹೇಗೆ ಹಾಕಬೇಕು

ಹೊಗಳಿಕೆ ಎಲ್ಲಿ ಬಂತೋ ತಿದ್ದುಪಡಿಯೂ ಅಲ್ಲೇ. ಏಳು ಜನ ಓದಿದ್ದನ್ನು ಮ್ಯಾನೇಜರ್ ಒಬ್ಬರಿಗೆ ಖಾಸಗಿಯಾಗಿ ತಿದ್ದಿದರೆ ಉಳಿದವರ ಮನಸ್ಸಿನಲ್ಲಿ ಹಳೆಯದೇ ಉಳಿಯುತ್ತದೆ. ಮ್ಯಾನೇಜರ್ ಎಲ್ಲರೆದುರು ತಿದ್ದಿದ್ದನ್ನು ಸಹಿಸದ ಮನುಷ್ಯ ಎಂದು ನಿಮಗೆ ಗೊತ್ತಿದ್ದರೆ, ಅಥವಾ ಅಡ್ಮಿನ್‌ಗಳಷ್ಟೇ ಬರೆಯಬಹುದಾದ ಗ್ರೂಪಾಗಿದ್ದರೆ, ಅವರ ಮೆಸೇಜನ್ನು ಒತ್ತಿಹಿಡಿದು `Reply privately` ಮೂಲಕ ಅದೇ ವಾಕ್ಯಗಳನ್ನು ಕಳಿಸಿ. ಕೊನೆಯಲ್ಲಿ "ಗ್ರೂಪಲ್ಲಿ ನೀವೇ ಒಂದು ಮಾತು ಹಾಕಿದ್ರೆ ಚೆನ್ನಾಗಿರುತ್ತೆ ಸರ್" ಎಂದು ಸೇರಿಸಿ.

ಗ್ರೂಪಿನಲ್ಲಿ ಹಾಕುವಾಗ ಮ್ಯಾನೇಜರ್ ಬರೆದ ಮೆಸೇಜಿಗೇ ರಿಪ್ಲೈ ಒತ್ತಿ ಬರೆಯಿರಿ. ಬಿಡಿ ಮೆಸೇಜಾಗಿ ಹಾಕಿದರೆ ನಡುವೆ ಗೊಬ್ಬರದ ರೇಟು, ಯಾರದ್ದೋ ಹುಟ್ಟುಹಬ್ಬದ ಕೇಕು ಬಂದು ಕೂತಿರುತ್ತದೆ. ರಾತ್ರಿ ಓದುವವರಿಗೆ ಯಾವ ಪಿಡಿಎಫ್, ಯಾವ ಲೆಕ್ಕ ಒಂದೂ ತಿಳಿಯುವುದಿಲ್ಲ. ಜಯಂತಿ ಮತ್ತು ಪ್ರಜ್ವಲ್ ಇಬ್ಬರನ್ನೂ @ ಹಾಕಿ ಟ್ಯಾಗ್ ಮಾಡಬಹುದು. ಮ್ಯಾನೇಜರ್‌ಗೆ ಟ್ಯಾಗ್ ಬೇಡ, ರಿಪ್ಲೈ ಆಗಲೇ ಅವರನ್ನು ತಲುಪುತ್ತದೆ.

ಸರ್ ತಮ್ಮ ಮೆಸೇಜನ್ನೇ ತಿದ್ದಲಿ ಎಂದು ಕಾಯುವುದು ಬೇಡ. ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜನ್ನು ತಿದ್ದಲು ಇರುವುದು 15 ನಿಮಿಷ. ಅಷ್ಟರೊಳಗೆ ತಿದ್ದಿದರೂ ಹೊಸ ನೋಟಿಫಿಕೇಶನ್ ಹೋಗುವುದಿಲ್ಲ, ಪಕ್ಕದಲ್ಲಿ ಸಣ್ಣದಾಗಿ `Edited` ಎಂದು ಬರುತ್ತದೆ ಅಷ್ಟೇ. ಮೊದಲೇ ಓದಿ ಹೆಬ್ಬೆರಳು ಒತ್ತಿದ ನಾಲ್ವರು ಮತ್ತೆ ಅಲ್ಲಿಗೆ ಹೋಗಿ ನೋಡುವುದಿಲ್ಲ.

ಮಾತು ನಡೆದದ್ದು ಇಮೇಲಿನಲ್ಲಾದರೆ ಅದೇ ಸರಣಿಗೆ `Reply all`. ಕಳಿಸುವ ಮುನ್ನ ಸಿಸಿಯಲ್ಲಿ ಯಾರಿದ್ದಾರೆ ನೋಡಿ. ಮ್ಯಾನೇಜರ್ ಆ ಇಮೇಲಿಗೆ ಆಗಲೇ ಬ್ಯಾಂಕಿನವರನ್ನೋ ಖರೀದಿದಾರರನ್ನೋ ಸೇರಿಸಿದ್ದರೆ, ಹೊರಗಿನವರ ಮುಂದೆ ತಿದ್ದಬೇಡಿ. ಆಗ ಮ್ಯಾನೇಜರ್‌ಗೆ ಮಾತ್ರ ಬರೆದು, ಹೊರಗಿನವರಿಗೆ ಹೇಳುವುದನ್ನು ಅವರಿಗೇ ಬಿಡಿ.

ಹಾಕಿದ ಮೇಲೆ

ಸಾಮಾನ್ಯವಾಗಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಮುಗಿಯದಿದ್ದರೆ ಕೆಡುವುದು ತಮಾಷೆಯಿಂದ. "ಪ್ರಜ್ವಲ್, ಹಾಗಾದ್ರೆ ಜಯಂತಿ ಅಕ್ಕಂಗೆ ಪಾರ್ಟಿ ಕೊಡ್ಬೇಕು ನೀನು!" ಎಂದು ಯಾರೋ ಬರೆಯುತ್ತಾರೆ, ಇನ್ನಿಬ್ಬರು ನಗುವ ಮುಖ ಒತ್ತುತ್ತಾರೆ. ಬರೆದವರಿಗೆ ಕೆಟ್ಟ ಉದ್ದೇಶವಿಲ್ಲ, ಆದರೆ ಪ್ರಜ್ವಲ್‌ಗೆ ಅದು ಚುಚ್ಚುತ್ತದೆ. ನೀವು ನಗುವ ಮುಖ ಹಾಕಬೇಡಿ, ಬುದ್ಧಿಯೂ ಹೇಳಬೇಡಿ. ಮಾತನ್ನು ಕೆಲಸದ ಕಡೆ ತಿರುಗಿಸಿ: "ಜಯಂತಿ ಅಕ್ಕ, ಸುಂಟಿಕೊಪ್ಪ ಕಡೆ ಎರಡು ತೋಟ ಬಾಕಿ ಇತ್ತಲ್ಲ, ಬಂತಾ? ಪ್ರಜ್ವಲ್, ಅದು ಬಂದ್ಮೇಲೆ ಚಾರ್ಟ್ ಬದಲಾಗುತ್ತಾ?" ಇಬ್ಬರಿಗೂ ಅವರವರ ಕೆಲಸದ ಬಗ್ಗೆಯೇ ಪ್ರಶ್ನೆ ಹೋಯಿತು. ಇಬ್ಬರೂ ಉತ್ತರ ಕೊಟ್ಟಾಗ ಯಾರದ್ದು ಏನು ಎಂಬುದು ಉಳಿದವರಿಗೆ ಇನ್ನೊಮ್ಮೆ ಕಾಣುತ್ತದೆ.

ಮ್ಯಾನೇಜರ್ ಓದಿಯೂ ಏನೂ ಬರೆಯದಿದ್ದರೆ? ನೀಲಿ ಟಿಕ್ ಬಂದ ಮೇಲೆ ಅದೇ ಮೆಸೇಜನ್ನು ಮತ್ತೆ ಹಾಕುವುದು, "ಸರ್ ನೋಡಿದ್ರಾ?" ಎನ್ನುವುದು ಬೇಡ. ಸರಿ ಮಾಹಿತಿ ಈಗ ಅಲ್ಲಿದೆ, ಏಳು ಜನವೂ ಓದಿದ್ದಾರೆ. ಬೆಳಿಗ್ಗೆ ಮೀಟಿಂಗ್‌ಗೆ ಮುಂಚೆ ಎದುರು ಸಿಕ್ಕಾಗ ಒಂದು ಮಾತು ಸಾಕು: "ಸರ್, ತೋಟದ ಪ್ರಶ್ನೆ ಬಂದ್ರೆ ಜಯಂತಿ ಅಕ್ಕ ಫೋನಿಗೆ ಸಿಗ್ತಾರೆ, ನೆಟ್‌ವರ್ಕ್ ಬಂದಿದೆ." ಮುಖಾಮುಖಿ ಹೇಳಿದ ಮಾತು ಮೀಟಿಂಗ್ ಕೋಣೆಗೆ ಅವರ ಜೊತೆ ಹೋಗುತ್ತದೆ.

ಇದೆಲ್ಲ ಒಂದು ಸಲದ ತಪ್ಪಿಗೆ. ಒಬ್ಬರೇ ವ್ಯಕ್ತಿ ಮೂರನೇ ಸಲ, ನಾಲ್ಕನೇ ಸಲ ಬೇರೆಯವರ ಫೈಲನ್ನು ಹೆಸರಿಲ್ಲದೆ ಹಾಕುತ್ತಿದ್ದರೆ ಗ್ರೂಪಿನ ವಿನಯದ ಸಾಲುಗಳಿಂದ ಅದು ಸರಿಹೋಗದು. ಆಗ ಬೇಕಾದದ್ದು ದಿನಾಂಕ, ಫೈಲು, ಯಾರ ಕೆಲಸ ಎಂಬ ಟಿಪ್ಪಣಿ. ಅದನ್ನು ಹಿಡಿದು ಕೆಲಸ ಮಾಡಿದವರೇ ಮ್ಯಾನೇಜರ್ ಜೊತೆ ಬಾಗಿಲು ಹಾಕಿಕೊಂಡು ಮಾತಾಡಬೇಕು. ನೀವು ಸಾಕ್ಷಿಯಾಗಿ ಜೊತೆಗಿರಬಹುದು.

ಗ್ರೂಪಿನಿಂದ ಹೊರಗೆ ಹೋದ ದಾಖಲೆ

ಗ್ರೂಪಿನಲ್ಲಿ ಸರಿಯಾದರೂ ಪಿಡಿಎಫ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಅದರಲ್ಲಿ ಯಾರ ಹೆಸರೂ ಇಲ್ಲದಿದ್ದರೆ ಮುಂದೆಯೂ ಅದು ಕಳಿಸಿದವರದ್ದೇ ಆಗುತ್ತದೆ. ಹಾಗಾಗಿ ಅದೇ ರಾತ್ರಿ ಪ್ರಜ್ವಲ್‌ಗೆ ಹೇಳಿ ಎರಡನೇ ಪುಟದ ಕೆಳಗೆ ಒಂದು ಸಾಲು ಹಾಕಿಸಿ: "ಮಳೆ ಲೆಕ್ಕ ಸಂಗ್ರಹ: ಜಯಂತಿ. ಚಾರ್ಟ್ ಮತ್ತು ವಿನ್ಯಾಸ: ಪ್ರಜ್ವಲ್. ಲೆಕ್ಕದ ಪ್ರಶ್ನೆಗಳಿಗೆ: ಜಯಂತಿ." ಹೊಸ ಪಿಡಿಎಫ್ ಅನ್ನು ಪ್ರಜ್ವಲ್ ಅವರೇ ಗ್ರೂಪಿಗೆ ಹಾಕಿ "ಮೀಟಿಂಗ್‌ಗೆ ಇದನ್ನು ಬಳಸಿ ಸರ್" ಎಂದರೆ ಹಳೆಯದು ತಾನಾಗಿ ಹಿಂದೆ ಬೀಳುತ್ತದೆ. ನಿಜಕ್ಕೂ, ಈ ಒಂದು ಸಾಲು ಮೊದಲ ಪಿಡಿಎಫ್‌ನಲ್ಲೇ ಇದ್ದಿದ್ದರೆ ಈ ಲೇಖನದ ಮುಕ್ಕಾಲು ಪಾಲು ಬೇಕಿರಲಿಲ್ಲ.

ಮೀಟಿಂಗ್ ಆಗಿಹೋಗಿ, ನಡಾವಳಿಯಲ್ಲಿ "ಪ್ರಜ್ವಲ್ ಸಿದ್ಧಪಡಿಸಿದ ಹೂಮಳೆ ವರದಿ" ಎಂದು ಬರೆದಿದ್ದರೂ ದಾರಿ ಮುಚ್ಚಿಲ್ಲ. ನಡಾವಳಿ ಬರೆಯುವವರು ಅದನ್ನು ಸಹಿಗೆ ಕಳಿಸುವ ಮುನ್ನ ಹೇಳಿದರೆ ಒಂದು ಪದ ಸೇರಿಸುವ ಕೆಲಸ. ಸಹಿಯಾಗಿದ್ದರೆ, ಮುಂದಿನ ಸಭೆಯ ಮೊದಲಿಗೆ ಹಿಂದಿನ ನಡಾವಳಿಯನ್ನು ಓದಿ ದೃಢೀಕರಿಸುವಾಗ ತಿದ್ದುಪಡಿ ಸೂಚಿಸುವುದು ರೂಢಿ. ಅದನ್ನು ಮ್ಯಾನೇಜರ್ ಅಥವಾ ಸಭೆಯಲ್ಲಿರುವ ಯಾರಾದರೂ ಹೇಳಬೇಕು. ಅವರಿಗೆ ವಾಕ್ಯವನ್ನು ನೀವೇ ಬರೆದುಕೊಡಿ: "ವರದಿಯ ಮಳೆ ಲೆಕ್ಕವನ್ನು ಜಯಂತಿ ಅವರು ಸಂಗ್ರಹಿಸಿದ್ದಾರೆ, ವಿನ್ಯಾಸವನ್ನು ಪ್ರಜ್ವಲ್ ಅವರು ಮಾಡಿದ್ದಾರೆ ಎಂದು ತಿದ್ದಿಕೊಳ್ಳುವುದು." ವಾಕ್ಯ ಕೈಯಲ್ಲಿದ್ದರೆ ಹೇಳುವವರಿಗೆ ಹಿಂಜರಿಕೆ ಇರುವುದಿಲ್ಲ.

ಮೂರು ತಿಂಗಳ ನಂತರ, ಜುಲೈ ಮಳೆಯ ನಡುವೆ ಯಾವಾಗಲೋ ಗೊತ್ತಾದ ತಪ್ಪಾದರೆ ಹಳೆಯ ಮೆಸೇಜಿಗೆ ರಿಪ್ಲೈ ಮಾಡಿ ಎಬ್ಬಿಸಬೇಡಿ. ಅಷ್ಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆಯೇ ದೊಡ್ಡದಾಗುತ್ತದೆ. ಫೈಲಿನಲ್ಲಿ ಹೆಸರಿನ ಸಾಲನ್ನು ಸೇರಿಸಿ. ಮಳೆಗಾಲ ಮುಗಿದು ಫಸಲಿನ ಅಂದಾಜು ಹಾಕುವಾಗ ಆ ಹೂಮಳೆ ಪಟ್ಟಿ ಹೇಗೂ ಮತ್ತೆ ಮೇಜಿನ ಮೇಲೆ ಬರುತ್ತದೆ. ಆಗ "ಏಪ್ರಿಲ್‌ನಲ್ಲಿ ಜಯಂತಿ ಅಕ್ಕ ತೆಗೆದ ಲೆಕ್ಕ ಇದೆಯಲ್ಲ, ಅದರ ಜೊತೆ ಹೋಲಿಸೋಣ" ಎನ್ನಿ.